ಶಿರಸಿಯ ಆಸ್ಪತ್ರೆಯಿಂದ ಬಂದ ಸಂದೇಶ: ಒಂದು ಕೆಲಸ ಹಸ್ತಾಂತರದ ಪ್ರಕರಣ

ಈ ಪ್ರಕರಣದ ಇಂಜಿನಿಯರ್ ಶಿರಸಿಯ ತಮ್ಮ ಮನೆಯಿಂದಲೇ ಕೆಲಸ ಮಾಡುವವರು. ಕಂಪನಿ ಬೆಂಗಳೂರಿನದು. ತಂಡದವರು ಬೇರೆ ಬೇರೆ ಊರುಗಳಲ್ಲಿದ್ದಾರೆ. ನಾನು ಆ ತಂಡದ ಪ್ರಾಜೆಕ್ಟ್ ಲೀಡ್. ಆನ್‌ಲೈನ್ ಅಂಗಡಿಯೊಂದಕ್ಕೆ ರೀಫಂಡ್ ವ್ಯವಸ್ಥೆ ಕಟ್ಟಿ ನಡೆಸುವುದು ನಮ್ಮ ಕೆಲಸ. ಗ್ರಾಹಕರು ವಸ್ತು ಹಿಂತಿರುಗಿಸಿದರೆ ಅವರ ದುಡ್ಡು ಬ್ಯಾಂಕ್ ಖಾತೆಗೆ ಮರಳಿ ಹೋಗಬೇಕು. ಅದರ ಸರ್ವರ್ ಕಡೆಯ ಕೋಡ್ ಬಹುಪಾಲು ಇವರ ಕೈಯಲ್ಲೇ ಇತ್ತು. ಮಳೆಗಾಲದ ಒಂದು ಬುಧವಾರ ಸಂಜೆ ಅವರು ಡೆಂಗಿಯಿಂದ ಆಸ್ಪತ್ರೆ ಸೇರಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಸೋಮವಾರದಿಂದ ಅವರಿಗೆ ಜ್ವರವಿತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು, ಆದರೆ ಹೊಟ್ಟೆನೋವು ಶುರುವಾಗಿ ಮೇಲಿಂದ ಮೇಲೆ ವಾಂತಿಯಾಯಿತು. ಡೆಂಗಿಯಲ್ಲಿ ಇದು ಎಚ್ಚರದ ಲಕ್ಷಣ. ಈ ಕಾಯಿಲೆಯಲ್ಲಿ ಅಪಾಯದ ಘಟ್ಟ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿನಲ್ಲೇ. ಅದು ಒಂದೆರಡು ದಿನ ಇರುತ್ತದೆ. ಆಮೇಲೆ ಚೇತರಿಸಿಕೊಂಡರೂ ಸುಸ್ತು ವಾರಗಟ್ಟಲೆ ಬಿಡದಿರಬಹುದು. ಕೆಲಸದ ಹಸ್ತಾಂತರದ ಬರಹದಲ್ಲಿ ಕಾಯಿಲೆಯ ವಿವರ ಯಾಕೆಂದರೆ, ‘ಜ್ವರ ಬಿಟ್ಟಿದೆ, ನಾಳೆ ಲಾಗಿನ್ ಆಗ್ತೀನಿ’ ಅನ್ನುವ ಮಾತು ಹುಟ್ಟುವುದು ಈ ಘಟ್ಟದಲ್ಲೇ. ಲೀಡ್ ಆದವರು ಆ ಮಾತಿನ ಮೇಲೆ ಯೋಜನೆ ಹಾಕಿಕೊಂಡರೆ ಕೆಲಸವೂ ನಿಲ್ಲುತ್ತದೆ, ಮಲಗಿದವರಿಗೆ ನೆಮ್ಮದಿಯೂ ಇರುವುದಿಲ್ಲ.

ಮೊದಲ ಸಂದೇಶ

ಆಸ್ಪತ್ರೆಯಿಂದ ಲೀಡ್‌ಗೆ ಸಾಮಾನ್ಯವಾಗಿ ಬರುವ ಸಂದೇಶ ಹೀಗಿರುತ್ತದೆ: ‘ಹುಷಾರಿಲ್ಲ, ಆಸ್ಪತ್ರೆಗೆ ಬಂದಿದ್ದೀನಿ. ಇವತ್ತು ರಿಪ್ಲೈ ಸ್ವಲ್ಪ ತಡವಾಗಬಹುದು.’ ಓದಿದವರಿಗೆ ಸಂಕಟವಾಗುತ್ತದೆ, ಆದರೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಇವರು ಇದ್ದಾರೋ ಇಲ್ಲವೋ? ನಾಳೆ ಬರುತ್ತಾರೋ? ಫೋನ್ ಮಾಡಬಹುದೋ? ‘ತಡವಾಗಬಹುದು’ ಅಂದರೆ ಬರುತ್ತದೆ ಎಂದೇ ಅರ್ಥ, ಹಾಗಾಗಿ ತಂಡ ಕಾಯುತ್ತದೆ. ಕಾಯುತ್ತಾ ಕೂತ ತಂಡ ಯಾವ ಕೆಲಸವನ್ನೂ ಬೇರೆಯವರಿಗೆ ಕೊಡುವುದಿಲ್ಲ.

ಈ ಇಂಜಿನಿಯರ್ ಕಳಿಸಿದ ಸಂದೇಶ ಬೇರೆ ಥರ ಇತ್ತು. ಎಡಗೈಗೆ ಡ್ರಿಪ್ ಹಾಕಿದ್ದರು, ಬಲಗೈಯ ಹೆಬ್ಬೆರಳಿನಲ್ಲಿ ಟೈಪ್ ಮಾಡಿದ್ದು:

‘ಮೇಡಂ, ಶಿರಸಿಯಲ್ಲಿ ಅಡ್ಮಿಟ್ ಆಗಿದ್ದೀನಿ. ಡೆಂಗಿ. ಎರಡು ದಿನ ನೋಡ್ಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಮುಂದಿನ ಬುಧವಾರದವರೆಗೆ ನಾನಿಲ್ಲ ಅಂತ್ಲೇ ಇಟ್ಕೊಳ್ಳಿ. ಶನಿವಾರ ಸಂಜೆ ನಮ್ಮನೆಯವರು ನಿಮಗೆ ಫೋನ್ ಮಾಡಿ ಸ್ಥಿತಿ ಹೇಳ್ತಾರೆ, ಅವರ ನಂಬರ್ ಕೆಳಗಿದೆ. ಎರಡು ವಿಷಯ ತಡ ಮಾಡೋ ಹಾಗಿಲ್ಲ: ಬ್ಯಾಂಕ್ ಎಪಿಐ ಕೀ ಶುಕ್ರವಾರ ಮುಗಿಯುತ್ತೆ, ರಿನ್ಯೂವಲ್ ಮೇಲ್ ನನಗೊಬ್ಬಳಿಗೇ ಬಂದಿದೆ. ರೀಫಂಡ್ ಟೇಬಲ್ಲಿನ ಹಳೆಯ ಕಾಲಂ ಯಾರೂ ತೆಗೀಬಾರದು. ನಾಳೆ ಬೆಳಿಗ್ಗೆ ರೌಂಡ್ಸ್ ಆದ್ಮೇಲೆ ಒಂದು ಸಲ ಹತ್ತು ನಿಮಿಷ ಮಾತಾಡಬಲ್ಲೆ. ಕ್ಲೈಂಟ್‌ಗೆ ಕಾಯಿಲೆ ಏನು ಅಂತ ಹೇಳೋದು ಬೇಡ.’

ಇದರಲ್ಲಿ ನಾನು ಬಹಳ ಮೆಚ್ಚಿದ್ದು ‘ನಾನಿಲ್ಲ ಅಂತ್ಲೇ ಇಟ್ಕೊಳ್ಳಿ’ ಅನ್ನುವ ಮಾತು. ಯಾವಾಗ ಬರುತ್ತೇನೆ ಎಂದು ಅವರು ಹೇಳಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಎಲ್ಲಿಯವರೆಗೆ ತಮ್ಮನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಹೇಳಿದರು. ಮುಂದಿನ ಸುದ್ದಿ ಯಾವಾಗ, ಯಾರಿಂದ ಬರುತ್ತದೆ ಎಂದೂ ಹೇಳಿದರು. ವಾಪಸಾಗುವ ದಿನ ಬದಲಾಗಬಹುದು, ಆದರೆ ಸುದ್ದಿ ಕೊಡುವ ದಿನ ಬದಲಾಗಬೇಕಿಲ್ಲ. ಶನಿವಾರದವರೆಗೆ ನಾನು ಅವರಿಗೆ ‘ಹೇಗಿದ್ದೀರಿ’ ಎಂದು ಕೇಳುವ ನೆಪದಲ್ಲಿ ಕೆಲಸದ ಚಿಂತೆ ಕಳಿಸುವ ಅಗತ್ಯವೇ ಬೀಳಲಿಲ್ಲ.

ಕಾಯಿಲೆಯ ಹೆಸರನ್ನು ಲೀಡ್‌ಗೆ ಹೇಳಲೇಬೇಕೆಂದಿಲ್ಲ. ಇವರು ತಾವಾಗಿ ಹೇಳಿದರು. ಹೇಳಲು ಮನಸ್ಸಿಲ್ಲದಿದ್ದರೆ ‘ಆಸ್ಪತ್ರೆಯಲ್ಲಿದ್ದೇನೆ, ಇಂಥ ದಿನದವರೆಗೆ ಇಲ್ಲ’ ಎಂದರೆ ಸಾಕು. ವೈದ್ಯರ ಪತ್ರ ಹೋಗಬೇಕಾದ್ದು ಎಚ್‌ಆರ್‌ಗೆ. ಹೇಳಿದಾಗ ಯಾರಿಗೆ ಎಷ್ಟು ತಿಳಿಯಬೇಕು ಎನ್ನುವುದನ್ನೂ ಅದೇ ಸಂದೇಶದಲ್ಲಿ ಬರೆದುಬಿಡಬೇಕು. ಇಲ್ಲದಿದ್ದರೆ ಕಾಳಜಿಯಿಂದಲೇ ಯಾರಾದರೂ ತಂಡದ ಚಾನೆಲ್‌ನಲ್ಲಿ ಹಾಕುತ್ತಾರೆ. ತಂಡಕ್ಕೆ ನಾನು ಹೇಳಿದ್ದು ಇಷ್ಟೇ: ಅವರು ಆಸ್ಪತ್ರೆಯಲ್ಲಿದ್ದಾರೆ, ಮುಂದಿನ ಬುಧವಾರದವರೆಗೆ ಇಲ್ಲ, ಯಾರೂ ನೇರವಾಗಿ ಮೆಸೇಜ್ ಮಾಡಬೇಡಿ, ಪ್ರಶ್ನೆಗಳಿದ್ದರೆ ನನಗೆ ಕೊಡಿ. ಕ್ಲೈಂಟ್‌ಗೆ ಹೋದ ಮೇಲ್‌ನಲ್ಲಿ ಇದ್ದದ್ದು ಈ ಎರಡು ವಾರ ಸಂಪರ್ಕಿಸಬೇಕಾದವರ ಹೆಸರು ಮಾತ್ರ.

ಅವರು ಬುಧವಾರ ಎಂದರೂ ನಾನು ಯೋಜನೆ ಹಾಕಿದ್ದು ಎರಡು ವಾರಕ್ಕೆ. ಬೇಗ ಬಂದರೆ ಸಂತೋಷ. ಬರಲಾಗದಿದ್ದರೆ ಯಾರೂ ಅವರ ಬೆನ್ನು ಹತ್ತುವ ಪ್ರಸಂಗ ಬರಬಾರದು.

ಹತ್ತು ನಿಮಿಷದ ಮಾತು

ಗುರುವಾರ ಬೆಳಿಗ್ಗೆ ಅವರ ಪತಿ ಫೋನ್ ಹಚ್ಚಿ ಅವರ ಕೈಗೆ ಕೊಟ್ಟರು. ಈ ಕಡೆ ನಾನು ಮತ್ತು ಕೆಲಸ ವಹಿಸಿಕೊಳ್ಳಲಿದ್ದ ಸಹೋದ್ಯೋಗಿ ಇಬ್ಬರೂ ಇದ್ದೆವು. ನನಗೆ ಹೇಳಿ, ನಾನು ಇನ್ನೊಬ್ಬರಿಗೆ ಹೇಳಿ, ಆಮೇಲೆ ಅವರ ಸಂಶಯ ಮತ್ತೆ ಆಸ್ಪತ್ರೆಗೆ ಹೋಗುವಂತಾದರೆ ಒಂದು ಮಾತು ನಾಲ್ಕಾಗುತ್ತದೆ. ಕೆಲಸ ಮಾಡುವವರು ಮೊದಲ ಸಲವೇ ಕೇಳಿಸಿಕೊಳ್ಳಬೇಕು.

ಬರೆದುಕೊಳ್ಳುವ ಹೊಣೆ ನಮ್ಮದಾಗಿತ್ತು. ಹಸ್ತಾಂತರದ ಡಾಕ್ಯುಮೆಂಟ್ ತಯಾರಿಸಿ ಕಳಿಸಿ ಎಂದು ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳುವುದು ತಪ್ಪು, ಹಾಗೆ ಕೇಳುವವರನ್ನು ನಾನು ಕಂಡಿದ್ದೇನೆ. ಅವರು ಹೇಳುತ್ತಾ ಹೋದರು, ನಾನು ಟಿಕೆಟ್‌ಗಳಲ್ಲಿಯೇ ಟಿಪ್ಪಣಿ ಬರೆದೆ, ಕೊನೆಗೆ ಓದಿ ಹೇಳಿದೆ. ಅವರು ಎರಡು ಕಡೆ ತಿದ್ದಿದರು.

ಪ್ರತಿಯೊಂದು ಕೆಲಸಕ್ಕೂ ನಾನು ಕೇಳಿದ ಪ್ರಶ್ನೆ ಒಂದೇ: ಇದನ್ನು ಯಾರೂ ಮುಟ್ಟದಿದ್ದರೆ ಏನಾಗುತ್ತದೆ, ಯಾವಾಗ ಆಗುತ್ತದೆ? ಟಿಕೆಟ್‌ಗಳ ಪಟ್ಟಿ ಮೇಲಿನಿಂದ ಓದಿಕೊಂಡು ಹೋದರೆ ಹತ್ತು ನಿಮಿಷ ಮೊದಲ ಟಿಕೆಟ್‌ನ ವಿವರಣೆಗೇ ಮುಗಿಯುತ್ತದೆ. ಈ ಪ್ರಶ್ನೆಯಿಂದ ಹೊರಟರೆ ಅರ್ಧಕ್ಕರ್ಧ ಕೆಲಸಗಳು ಕೂಡಲೇ ಬದಿಗೆ ಸರಿಯುತ್ತವೆ. ಅವರ ಪಟ್ಟಿಯಲ್ಲಿದ್ದ ತಿಂಗಳ ವರದಿಯ ಪುಟ ಮತ್ತು ಹಳೆಯ ಲೈಬ್ರರಿಯೊಂದರ ಅಪ್‌ಗ್ರೇಡ್ ಯಾರೂ ಮುಟ್ಟದಿದ್ದರೂ ತಿಂಗಳು ಕಾಯಬಲ್ಲವು. ಅವುಗಳ ಮೇಲೆ ‘ಇವರು ಬರುವವರೆಗೆ ನಿಲ್ಲಿಸಿದೆ’ ಎಂದು ಬರೆದು ಬಿಟ್ಟೆವು.

ಬ್ಯಾಂಕಿನ ಕೀ ಕಾಯುವಂತಿರಲಿಲ್ಲ. ಶುಕ್ರವಾರ ದಾಟಿದರೆ ಬ್ಯಾಂಕಿನ ಸರ್ವರ್ ನಮ್ಮ ಕೋರಿಕೆಗಳನ್ನು ತಿರಸ್ಕರಿಸುತ್ತದೆ, ರೀಫಂಡ್‌ಗಳು ಸರದಿಯಲ್ಲಿ ಬಿದ್ದಿರುತ್ತವೆ. ಇದನ್ನು ಅವರು ಹೇಳದಿದ್ದರೆ ನಮಗೆ ತಿಳಿಯಲು ದಾರಿಯೇ ಇರಲಿಲ್ಲ. ಟಿಕೆಟ್ ಇರಲಿಲ್ಲ, ಮೇಲ್ ಅವರೊಬ್ಬರ ಇನ್‌ಬಾಕ್ಸ್‌ನಲ್ಲಿತ್ತು. ಮನೆಯಿಂದ ಕೆಲಸ ಮಾಡುವವರ ವಿಷಯದಲ್ಲಿ ಇಂಥವು ಹೆಚ್ಚು, ಪಕ್ಕದ ಮೇಜಿನವರ ಕಿವಿಗೆ ಬೀಳುವ ಮಾತು ಇಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಹಾಗಾಗಿ ಆಸ್ಪತ್ರೆಯಿಂದ ಮೊದಲು ಹೇಳಬೇಕಾದ್ದು ತನ್ನೊಬ್ಬರಿಗೇ ಗೊತ್ತಿರುವ ತಾರೀಖುಗಳನ್ನು. ಬೋರ್ಡ್ ಮೇಲಿರುವ ಟಿಕೆಟ್‌ಗಳು ಹೇಗೂ ನಮ್ಮ ಕಣ್ಣಿಗೆ ಬೀಳುತ್ತವೆ.

ಆ ಮೇಲ್ ಪಡೆಯಲು ಅವರ ಪಾಸ್‌ವರ್ಡ್ ಕೇಳಲಿಲ್ಲ, ಒಟಿಪಿಯನ್ನೂ ಕೇಳಲಿಲ್ಲ. ‘ಲ್ಯಾಪ್‌ಟಾಪ್ ಮನೇಲಿದೆ ಮೇಡಂ, ಬೇಕಾದ್ರೆ ನಾನು ತೆಗೆದು ನೋಡ್ಲಾ?’ ಎಂದು ಅವರ ಪತಿ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಬೇಡ ಎಂದೆ. ಕಂಪನಿಯ ಲ್ಯಾಪ್‌ಟಾಪ್ ಮನೆಯವರು ತೆರೆದರೆ ಮುಂದೆ ಏನಾದರೂ ಹೆಚ್ಚುಕಮ್ಮಿಯಾದಾಗ ಅದರ ಹೊಣೆ ಮಲಗಿದವರ ತಲೆಗೆ ಬರುತ್ತದೆ. ಬ್ಯಾಂಕಿನ ತಾಂತ್ರಿಕ ಸಹಾಯ ವಿಭಾಗಕ್ಕೆ ನಾನೇ ಬರೆದು, ತಂಡದ ಸಾಮಾನ್ಯ ವಿಳಾಸಕ್ಕೆ ಮೇಲ್ ಮತ್ತೆ ಕಳಿಸುವಂತೆ ಕೇಳಿದೆ. ಗುರುವಾರ ಸಂಜೆ ಬಂತು. ಶುಕ್ರವಾರ ಬೆಳಿಗ್ಗೆ ಹೊಸ ಕೀ ಹಾಕಿದೆವು, ಒಂದು ಸಣ್ಣ ರೀಫಂಡ್ ಕಳಿಸಿ ಹೋಯಿತೇ ಎಂದು ನೋಡಿದೆವು, ಆಮೇಲೆ ಹಳೆಯದನ್ನು ತೆಗೆದೆವು.

ಅರ್ಧಕ್ಕೆ ನಿಂತ ಮೈಗ್ರೇಶನ್

ನಿಜವಾಗಿ ಅಪಾಯವಿದ್ದದ್ದು ಎರಡನೆಯ ವಿಷಯದಲ್ಲಿ. ರೀಫಂಡ್ ಟೇಬಲ್‌ನಲ್ಲಿ ಮೊತ್ತವನ್ನು ಹಿಂದೆ ರೂಪಾಯಿಯಲ್ಲಿ, ದಶಾಂಶದೊಂದಿಗೆ `amount` ಎಂಬ ಕಾಲಂನಲ್ಲಿ ಇಡುತ್ತಿದ್ದೆವು. ಅದನ್ನು ಪೈಸೆಗೆ ಬದಲಿಸಿ, ಪೂರ್ಣಾಂಕವಾಗಿ `amount_minor` ಎಂಬ ಹೊಸ ಕಾಲಂಗೆ ಸಾಗಿಸುವ ಕೆಲಸ ನಡೆದಿತ್ತು. ಇಂಥ ಕೆಲಸ ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಹೊಸ ಕಾಲಂ ಸೇರಿಸಬೇಕು, ಹೊಸ ದಾಖಲೆಗಳು ಎರಡೂ ಕಾಲಂಗಳಿಗೆ ಹೋಗುವಂತೆ ಮಾಡಬೇಕು, ಹಳೆಯ ದಾಖಲೆಗಳನ್ನು ತುಂಬಿಸಬೇಕು, ಆಮೇಲೆ ಓದುವುದನ್ನು ಹೊಸ ಕಾಲಂಗೆ ತಿರುಗಿಸಬೇಕು. ಹಳೆಯ ಕಾಲಂ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಬೋರ್ಡ್‌ನಲ್ಲಿ ಮೊದಲ ಎರಡು ಹಂತಗಳು ‘ಮುಗಿದಿದೆ’ ಎಂದಿದ್ದವು. ಮೂರನೆಯದು ‘ನಡೆಯುತ್ತಿದೆ’ ಎಂದಿತ್ತು. ಹೊರಗಿನಿಂದ ನೋಡಿದವರಿಗೆ ಇನ್ನೇನು ಮುಗಿಯಿತು ಎಂದೇ ಅನಿಸುತ್ತದೆ. ನಿಜವಾಗಿ ಏನಾಗಿತ್ತೆಂದರೆ, ಹಳೆಯ ದಾಖಲೆ ತುಂಬಿಸುವ ಸ್ಕ್ರಿಪ್ಟ್ ಅವರ ಲ್ಯಾಪ್‌ಟಾಪ್‌ನಿಂದ ವಿಪಿಎನ್ ಮೂಲಕ ಓಡುತ್ತಿತ್ತು. ಬುಧವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿದಾಗಲೇ ಅದು ನಿಂತುಹೋಗಿತ್ತು. ಇದನ್ನು ಪತ್ತೆ ಮಾಡುವುದು ಸುಲಭ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ:

```sql
SELECT count(*) FROM refunds
WHERE amount IS NOT NULL
  AND amount_minor IS NULL;
```

ಈ ಸಂಖ್ಯೆ ಇಳಿಯುತ್ತಿದ್ದರೆ ಸ್ಕ್ರಿಪ್ಟ್ ಓಡುತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಅಷ್ಟೇ ಇದ್ದರೆ ನಿಂತಿದೆ. ಸೊನ್ನೆಯಾದರೆ ಮಾತ್ರ ಮುಗಿದಂತೆ. ಸೊನ್ನೆಯಾಗುವ ಮೊದಲು ಓದುವುದನ್ನು ಹೊಸ ಕಾಲಂಗೆ ತಿರುಗಿಸಿದರೆ ಹಳೆಯ ಗ್ರಾಹಕರ ರೀಫಂಡ್ ಮೊತ್ತ ಖಾಲಿ ಕಾಣುತ್ತದೆ. ಆ ಸ್ಥಿತಿಯಲ್ಲಿ ಹಳೆಯ ಕಾಲಂ ತೆಗೆದರಂತೂ ಬ್ಯಾಕಪ್‌ನಿಂದ ಎತ್ತಿ ತರಬೇಕಾಗುತ್ತದೆ.

ಫೋನಿನಲ್ಲಿ ಅವರು ಈ ಕೆಲಸದ ಬಗ್ಗೆ ಹೇಳಿದ್ದು ಮೂರು ಮಾತು. ಎಲ್ಲಿಗೆ ಬಂದಿದೆ: ಅರ್ಧ ದಾಟಿದೆ, ಮುಗಿದಿಲ್ಲ. ಏನು ಮಾಡಬಾರದು: ಓದುವುದನ್ನು ಹೊಸ ಕಾಲಂಗೆ ತಿರುಗಿಸುವ `read_amount_minor` ಫ್ಲ್ಯಾಗ್ ಆನ್ ಮಾಡಬಾರದು, ಹಳೆಯ ಕಾಲಂ ಮುಟ್ಟಬಾರದು. ಮತ್ತೆ ಶುರು ಮಾಡಬಹುದೇ: ಮಾಡಬಹುದು, ಸ್ಕ್ರಿಪ್ಟ್ ಖಾಲಿ ಇರುವ ಸಾಲುಗಳನ್ನು ಮಾತ್ರ ತುಂಬಿಸುತ್ತದೆ, ಎಷ್ಟು ಸಲ ಓಡಿಸಿದರೂ ತೊಂದರೆಯಿಲ್ಲ. ಅರ್ಧವಾದ ಕೆಲಸಕ್ಕೆ ಇಷ್ಟು ಸಿಕ್ಕರೆ ಇನ್ನೊಬ್ಬರು ಧೈರ್ಯವಾಗಿ ಕೈ ಹಾಕಬಹುದು. ಅದರಲ್ಲೂ ‘ಏನು ಮಾಡಬಾರದು’ ಎಂಬುದು ಕೋಡ್ ಎಷ್ಟು ಓದಿದರೂ ಸಿಗುವುದಿಲ್ಲ, ಅದು ಮಾಡಿದವರ ತಲೆಯಲ್ಲಷ್ಟೇ ಇರುತ್ತದೆ.

ಸಹೋದ್ಯೋಗಿ ಸ್ಕ್ರಿಪ್ಟನ್ನು ಸರ್ವರ್‌ನ ಕೆಲಸದ ಸರದಿಗೆ ಹಾಕಿ ಓಡಿಸಿದರು. ಶುಕ್ರವಾರ ಅದು ಮತ್ತೆ ನಿಂತಿತು. ಹಳೆಯ ಕೆಲವು ದಾಖಲೆಗಳಲ್ಲಿ ಮೊತ್ತಕ್ಕೆ ಮೂರು ದಶಾಂಶವಿತ್ತು, ಪೈಸೆಗೆ ಬದಲಿಸಿದರೆ ಪೂರ್ಣಾಂಕ ಬರುತ್ತಿರಲಿಲ್ಲ. ಮೇಲಕ್ಕೆ ಏರಿಸಬೇಕೋ, ಕೆಳಕ್ಕೆ ಇಳಿಸಬೇಕೋ? ಇದು ಲೆಕ್ಕಪತ್ರ ವಿಭಾಗದ ಜೊತೆ ಅವರು ಮಾತಾಡಿದ್ದ ವಿಷಯವಿರಬಹುದು ಎಂದು ನಮಗೆ ಅನಿಸಿತು. ಆಸ್ಪತ್ರೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿಬಿಡೋಣ ಎಂದು ಸಹೋದ್ಯೋಗಿ ಹೇಳಿದರು. ಬೇಡ ಎಂದು ತೀರ್ಮಾನಿಸಿದೆ, ಇಂದಿಗೂ ಅದು ಸರಿ ಎಂದೇ ನನ್ನ ನಂಬಿಕೆ. ಎರಡೂ ಕಾಲಂಗಳು ಇರುವವರೆಗೆ, ಓದುವುದು ಹಳೆಯ ಕಾಲಂನಿಂದಲೇ ಇರುವವರೆಗೆ ಯಾವ ಗ್ರಾಹಕರಿಗೂ ಏನೂ ಆಗುವುದಿಲ್ಲ. ಆ ಸಾಲುಗಳನ್ನು ಬಿಟ್ಟು ಉಳಿದವನ್ನು ತುಂಬಿಸಿ, ಬಿಟ್ಟವುಗಳ ಪಟ್ಟಿ ಟಿಕೆಟ್‌ಗೆ ಅಂಟಿಸಿ ನಿಲ್ಲಿಸಿದೆವು. ಕೆಲಸ ಮುಗಿಸಲೇಬೇಕೆಂಬ ಹಟವಿಲ್ಲದಿದ್ದರೆ, ಸುರಕ್ಷಿತವಾದ ಹಂತದಲ್ಲಿ ಅದನ್ನು ನಿಲ್ಲಿಸಿಡುವುದೂ ಸರಿಯಾದ ಹಸ್ತಾಂತರವೇ.

ಲ್ಯಾಪ್‌ಟಾಪ್‌ನಲ್ಲಿ ಉಳಿದ ಕೋಡ್

ವಿಫಲವಾದ ರೀಫಂಡನ್ನು ಮತ್ತೆ ಪ್ರಯತ್ನಿಸುವ ಕೋಡ್ ಅವರು ಬರೆಯುತ್ತಿದ್ದ ಹೊಸ ಕೆಲಸ. ಸೋಮವಾರ ಸಂಜೆ ಜ್ವರ ಬಂದಾಗಲೇ, ಅರ್ಧಂಬರ್ಧವಾಗಿದ್ದರೂ ಸರ್ವರ್‌ಗೆ ಕಳಿಸಿಟ್ಟಿದ್ದರು:

```
git switch -c wip/refund-retry
git add -A
git commit -m "WIP: retry; timeout tests fail"
git push -u origin wip/refund-retry
```

ಕಮಿಟ್ ಸಂದೇಶದಲ್ಲಿ ಯಾವ ಪರೀಕ್ಷೆ ಸೋಲುತ್ತಿದೆ ಎಂಬುದಿದೆ, ಅದು ಮುಖ್ಯ. ಮುಂದುವರಿಸುವವರು ಸೋತ ಪರೀಕ್ಷೆ ನೋಡಿ ತಾವೇ ಏನೋ ಕೆಡಿಸಿದೆವೆಂದು ಗಾಬರಿಯಾಗುವುದಿಲ್ಲ. ಇಲ್ಲಿ ಕೆಲವರು `git stash` ಮಾಡಿ ಏಳುತ್ತಾರೆ. ಸ್ಟ್ಯಾಶ್ ಉಳಿಯುವುದು ಆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ, ಪುಶ್ ಮಾಡಿದಾಗ ಜೊತೆಗೆ ಹೋಗುವುದಿಲ್ಲ. ಶಿರಸಿಯ ಮನೆಯಲ್ಲಿರುವ ಸ್ಟ್ಯಾಶ್ ಬೆಂಗಳೂರಿನವರ ಪಾಲಿಗೆ ಇಲ್ಲದ್ದೇ.

ಮಂಗಳವಾರ ಜ್ವರದಲ್ಲೇ ಬರೆದದ್ದು ಮಾತ್ರ ಕಮಿಟ್ ಆಗಿರಲಿಲ್ಲ. ಲ್ಯಾಪ್‌ಟಾಪನ್ನು ಆಸ್ಪತ್ರೆಗೆ ತರಿಸಿ, ಹಾಟ್‌ಸ್ಪಾಟ್ ಹಾಕಿ ಪುಶ್ ಮಾಡುತ್ತೇನೆ ಎಂದು ಅವರೇ ಹೇಳಿದರು. ನಾವು ಒಪ್ಪಲಿಲ್ಲ. ಒಂದು ದಿನದ ಕೋಡನ್ನು ಇನ್ನೊಬ್ಬರು ಇನ್ನೊಂದು ದಿನದಲ್ಲಿ ಬರೆಯಬಹುದು. ಅದರ ಬದಲು ಒಂದು ಪ್ರಶ್ನೆ ಕೇಳಿದೆ: ಏನು ಮಾಡಿ ನೋಡಿದಿರಿ, ಏನು ಆಗಲಿಲ್ಲ? ಬ್ಯಾಂಕ್ ಟೈಮ್‌ಔಟ್ ಕೊಟ್ಟಾಗ ಕೂಡಲೇ ಮತ್ತೆ ಕಳಿಸಿದರೆ ಪರೀಕ್ಷಾ ವ್ಯವಸ್ಥೆಯಲ್ಲಿ ಒಂದೇ ರೀಫಂಡ್ ಎರಡು ಸಲ ಹೋಗುತ್ತಿತ್ತು. ಹಾಗಾಗಿ ಮೊದಲು ಸ್ಥಿತಿ ವಿಚಾರಿಸಿ ಆಮೇಲೆ ಕಳಿಸುವ ದಾರಿ ಹಿಡಿದಿದ್ದರು. ಈ ಎರಡು ವಾಕ್ಯ ಆ ದಿನದ ಕೋಡ್‌ಗಿಂತ ಬೆಲೆಯುಳ್ಳದ್ದಾಗಿತ್ತು.

ಅವರ ಹೆಸರು ಎಲ್ಲೆಲ್ಲಿ ಇತ್ತು

ಮಾತು ಮುಗಿದ ಮೇಲೆ ನಾವು ಮಾಡಿದ್ದು ಅವರ ಹೆಸರಿರುವ ಜಾಗಗಳನ್ನು ಹುಡುಕುವುದು. ವಾರಾಂತ್ಯದ ಆನ್‌ಕಾಲ್ ಸರದಿ ಅವರದಿತ್ತು, ಬದಲಿಸಿದೆವು. ಇಲ್ಲದಿದ್ದರೆ ಶನಿವಾರ ರಾತ್ರಿ ಅಲಾರಂ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಹೊಡೆದುಕೊಳ್ಳುತ್ತಿತ್ತು. ಅವರ ಪರಿಶೀಲನೆಗೆ ಕಾದಿದ್ದ ಕಿರಿಯರ ಎರಡು ಪುಲ್ ರಿಕ್ವೆಸ್ಟ್‌ಗಳನ್ನು ಬೇರೆಯವರಿಗೆ ಕೊಟ್ಟರೂ ಮರ್ಜ್ ಆಗಲಿಲ್ಲ. ಕಾರಣ, ಆ ಫೋಲ್ಡರ್‌ಗೆ `CODEOWNERS` ಕಡತದಲ್ಲಿ ಅವರೊಬ್ಬರದೇ ಹೆಸರಿತ್ತು, ಮಾಲೀಕರ ಒಪ್ಪಿಗೆ ಕಡ್ಡಾಯವಾಗಿತ್ತು. ಗಿಟ್‌ಹಬ್ ಈ ಕಡತವನ್ನು ಓದುವುದು ಪುಲ್ ರಿಕ್ವೆಸ್ಟ್ ಸೇರಬೇಕಾದ ಮೂಲ ಬ್ರಾಂಚ್‌ನಿಂದ. ಆದ್ದರಿಂದ ಅಡ್ಮಿನ್ ಮೂಲಕ ಆ ಕಡತದ ಬದಲಾವಣೆಯನ್ನು ಮೊದಲು ಮುಖ್ಯ ಬ್ರಾಂಚ್‌ಗೆ ಸೇರಿಸಿದ ಮೇಲಷ್ಟೇ ದಾರಿ ತೆರೆಯಿತು.

ರಜೆ ಮತ್ತು ವಿಮೆಯ ವಿಷಯ ಲೀಡ್ ಬಳಿ ಹೇಳಿ ಮುಗಿಸುವಂಥದ್ದಲ್ಲ, ಎಚ್‌ಆರ್‌ಗೆ ಪ್ರತ್ಯೇಕವಾಗಿ ಹೋಗಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಕಾಯಿಲೆ, ಅಪಘಾತ ಅಥವಾ ಬೇರೆ ತಕ್ಕ ಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯಿದೆ. ಗಳಿಕೆ ರಜೆ ಅದಕ್ಕೆ ಹೊರತಾದದ್ದು. ಕಂಪನಿಯ ಗುಂಪು ವಿಮೆಯಿದ್ದರೆ ದಾಖಲಾದ ಸುದ್ದಿಯನ್ನು ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎಗೆ ಬೇಗ ತಿಳಿಸಬೇಕು, ಗಡುವು ಪಾಲಿಸಿಯಲ್ಲಿರುತ್ತದೆ. ಸಣ್ಣ ಊರಿನ ಆಸ್ಪತ್ರೆ ವಿಮೆಯ ನೆಟ್‌ವರ್ಕ್‌ನಲ್ಲಿ ಇಲ್ಲದೇ ಹೋಗಬಹುದು, ಆಗ ಮೂಲ ಬಿಲ್‌ಗಳು, ಪರೀಕ್ಷೆಯ ವರದಿಗಳು, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಜೋಪಾನ ಮಾಡಬೇಕು. ಇವರ ಪರವಾಗಿ ಇದನ್ನೆಲ್ಲ ಪತಿಯೇ ನೋಡಿಕೊಂಡರು. ನಾನು ಎಚ್‌ಆರ್‌ನವರ ನಂಬರ್ ಕೊಟ್ಟು, ಪೋರ್ಟಲ್‌ನಲ್ಲಿ ರಜೆ ಹಾಕಲಿಲ್ಲವೆಂದು ಯಾರೂ ಕೇಳದಂತೆ ಮೊದಲೇ ಹೇಳಿಟ್ಟೆ.

ಶನಿವಾರ, ಮತ್ತು ಆಮೇಲೆ

ಶನಿವಾರ ಸಂಜೆ ಹೇಳಿದಂತೆಯೇ ಫೋನ್ ಬಂತು. ‘ಪ್ಲೇಟ್‌ಲೆಟ್ ಏರ್ತಾ ಇದೆ ಮೇಡಂ, ನಾಳೆ ಮನೆಗೆ ಕಳಿಸ್ತಾರಂತೆ. ಆದ್ರೆ ಎದ್ದು ನಿಂತ್ರೆ ತಲೆ ಸುತ್ತುತ್ತೆ ಅಂತಾಳೆ.’ ಬುಧವಾರದ ಮಾತನ್ನು ನಾನೇ ಆ ವಾರಪೂರ್ತಿ ಮುಂದೆ ಹಾಕಿದೆ.

ಮತ್ತೆ ಕೆಲಸಕ್ಕೆ ಬಂದ ದಿನ ಅವರಿಗೆ ಹಳೆಯ ಕೆಲಸಗಳನ್ನು ಕೂಡಲೇ ಹಿಂತಿರುಗಿಸಲಿಲ್ಲ. ಮರುಪ್ರಯತ್ನದ ಕೋಡ್ ಆಗಲೇ ಮುಗಿಯುವ ಹಂತದಲ್ಲಿತ್ತು, ಸಹೋದ್ಯೋಗಿಯೇ ಮುಗಿಸಿದರು. ನಡುವೆ ಮತ್ತೆ ಕೈ ಬದಲಿಸಿದರೆ ಇನ್ನೊಂದು ಹಸ್ತಾಂತರದ ಖರ್ಚು. ಮೊದಲ ವಾರ ಅರ್ಧ ದಿನದ ಕೆಲಸ, ನಿಲ್ಲಿಸಿಟ್ಟಿದ್ದ ವರದಿಯ ಪುಟ ಮಾತ್ರ. ಆನ್‌ಕಾಲ್ ಸರದಿಯಿಂದ ಇನ್ನೆರಡು ವಾರ ಹೊರಗಿಟ್ಟೆವು.

ಮೂರು ದಶಾಂಶದ ಸಾಲುಗಳ ಬಗ್ಗೆ ಕೇಳಿದಾಗ, ಲೆಕ್ಕಪತ್ರ ವಿಭಾಗದವರು ಬ್ಯಾಂಕ್ ನಿಜವಾಗಿ ಪಾವತಿಸಿದ ಮೊತ್ತವನ್ನೇ ಹಿಡಿಯಬೇಕೆಂದು ಹೇಳಿದ್ದರು ಎಂದು ತಿಳಿಸಿದರು. ನಾವು ನಮ್ಮ ಊಹೆಯಂತೆ ಏರಿಸಿದ್ದರೂ ತಪ್ಪಾಗುತ್ತಿತ್ತು, ಇಳಿಸಿದ್ದರೂ ತಪ್ಪಾಗುತ್ತಿತ್ತು. ಅವರು ಬ್ಯಾಂಕಿನ ಪಟ್ಟಿಯೊಂದಿಗೆ ಹೋಲಿಸಿ ಆ ಸಾಲುಗಳನ್ನು ತುಂಬಿಸಿದರು, ಎಣಿಕೆ ಸೊನ್ನೆಗೆ ಬಂತು, ಫ್ಲ್ಯಾಗ್ ಆನ್ ಮಾಡಿದೆವು. ಹಳೆಯ ಕಾಲಂ ತೆಗೆದದ್ದು ಅದಾಗಿ ಇನ್ನೊಂದು ತಿಂಗಳ ಲೆಕ್ಕ ತಾಳೆಯಾದ ಮೇಲೆ.